ಬೀಟ್‌ರೂಟ್ ಹಿಟ್ಟೋ, ಬರೀ ಹಿಟ್ಟೋ?

ಅಕ್ಕನ ಮಗಳು ಬೆಂಗಳೂರಿನ ಕೆಲಸ ಬಿಟ್ಟು ಮೈಸೂರಿಗೆ ಬಂದಿದ್ದಾಳೆ. ಇಡ್ಲಿ-ದೋಸೆ ಹಿಟ್ಟಿನ ವ್ಯಾಪಾರ ಮಾಡುತ್ತಾಳಂತೆ. ನಾನು ಹನ್ನೊಂದು ವರ್ಷ ಅದೇ ಹಿಟ್ಟು ರುಬ್ಬಿ, ಸ್ಕೂಟರಿನ ಮೇಲೆ ಕ್ರೇಟು ಕಟ್ಟಿಕೊಂಡು ಅಂಗಡಿ ಅಂಗಡಿ ಸುತ್ತಿ, ಮೊಣಕಾಲು ಹಿಡಿದುಕೊಂಡ ಮೇಲೆ ಬಿಟ್ಟವನು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಸಮೇತ ಬಂದು ಕೂತಳು. ಮೊದಲ ಪುಟದಲ್ಲಿ ಐದು ಬಣ್ಣದ ಪ್ಯಾಕೆಟ್ಟುಗಳ ಚಿತ್ರವಿತ್ತು: ಬೀಟ್‌ರೂಟ್, ಪಾಲಕ್, ರಾಗಿ, ಓಟ್ಸ್, ಕಡೆಯಲ್ಲಿ ಮಾಮೂಲಿ ಬಿಳಿ ಹಿಟ್ಟು. ಬಿಳಿ ಪ್ಯಾಕೆಟ್ಟಿಗೆ ಬಣ್ಣ ತುಂಬುವ ಗೋಜಿಗೂ ಹೋಗಿರಲಿಲ್ಲ. ಅವಳು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿದ್ದೇನೆ. ಹೊಸದಾಗಿ ಅಂಗಡಿ ತೆರೆಯುವ ಎಲ್ಲರ ಮನಸ್ಸಿನಲ್ಲೂ ಈ ಪ್ರಶ್ನೆಗಳು ಇರುತ್ತವೆ ಅನಿಸಿತು.

ಮಾಮ, ಎಲ್ಲರೂ ಮಾರುವುದನ್ನೇ ನಾನೂ ಮಾರಿದರೆ ನನ್ನ ಹತ್ತಿರ ಯಾಕೆ ಬರುತ್ತಾರೆ? ಏನಾದರೂ ಹೊಸದು ಬೇಡವಾ?

ಮೊದಲು ಹಿಟ್ಟು ಕೊಳ್ಳುವವರು ಯಾವಾಗ ಕೊಳ್ಳುತ್ತಾರೆ ನೋಡು. ಸಂಜೆ ಏಳು ಗಂಟೆಗೆ ಆಫೀಸಿನಿಂದ ಬರುವ ಹೆಂಗಸು ಅಂಗಡಿ ಮುಂದೆ ಗಾಡಿ ನಿಲ್ಲಿಸುತ್ತಾಳೆ. ಹಾಲು, ಕೊತ್ತಂಬರಿ ಸೊಪ್ಪು, ಒಂದು ಪ್ಯಾಕೆಟ್ ಹಿಟ್ಟು. ಅವಳ ತಲೆಯಲ್ಲಿರುವುದು ನಾಳೆ ಬೆಳಿಗ್ಗೆ ಏಳೂವರೆಗೆ ಬರುವ ಸ್ಕೂಲ್ ವ್ಯಾನು. ಇಡ್ಲಿ ಉಬ್ಬಬೇಕು, ದೋಸೆ ಕಾವಲಿಯಿಂದ ಏಳಬೇಕು, ಹುಳಿ ಅಂತ ಮಗು ತಟ್ಟೆ ತಳ್ಳಬಾರದು. ಇಷ್ಟೇ ಅವಳಿಗೆ ಬೇಕಾದ್ದು. ಹಿಟ್ಟು ಕೈಕೊಟ್ಟರೆ ನಷ್ಟ ಅರವತ್ತು ರೂಪಾಯಿ ಅಲ್ಲ. ಇಡೀ ಮನೆಯ ಬೆಳಗ್ಗೆ ಕೆಡುತ್ತದೆ.

ವಾರಕ್ಕೆ ಎರಡು ಸಲ ಕೊಳ್ಳುವ ಸಾಮಾನು, ಕೆಟ್ಟರೆ ತಕ್ಷಣ ತೊಂದರೆ ಕೊಡುವ ಸಾಮಾನು, ಇಂಥದ್ದರಲ್ಲಿ ಜನ ಹೊಸದನ್ನು ಹುಡುಕುವುದಿಲ್ಲ ಕಣೇ. ಸಿಕ್ಕಿದ್ದು ಸರಿಯಿದ್ದರೆ ಬದಲಾಯಿಸುವುದೇ ಇಲ್ಲ. ಹಾಲಿನವನನ್ನು ನಿಮ್ಮಮ್ಮ ಎಷ್ಟು ವರ್ಷದಿಂದ ಬದಲಾಯಿಸಿಲ್ಲ ಕೇಳು.

ಆದರೆ ನಿನ್ನ ಪ್ರಶ್ನೆಯಲ್ಲಿ ಒಂದು ನ್ಯಾಯವಿದೆ. ನಂಬಿಕೆ ಅನ್ನುವುದು ಮೊದಲ ದಿನ ಕಣ್ಣಿಗೆ ಕಾಣುವುದಿಲ್ಲ. ಬೀಟ್‌ರೂಟಿನ ಕೆಂಪು ಹತ್ತು ಅಡಿ ದೂರದಿಂದ ಕಾಣುತ್ತದೆ. ‘ಈ ಹಿಟ್ಟು ಯಾವತ್ತೂ ಕೈಕೊಡುವುದಿಲ್ಲ’ ಎನ್ನುವುದು ಗಿರಾಕಿಗೆ ಗೊತ್ತಾಗಲು ಹತ್ತು ಸಲ ಕೊಂಡಿರಬೇಕು. ಹಾಗಾಗಿ ನಂಬಿಕೆಯ ಮೇಲೆ ಕಟ್ಟುವ ವ್ಯಾಪಾರ ನಿಧಾನ. ಗೆಲ್ಲುವುದಿಲ್ಲ ಅಂತಲ್ಲ, ನಿಧಾನ. ಆ ನಿಧಾನಕ್ಕೆ ನಿನ್ನ ಹತ್ತಿರ ದುಡ್ಡಿದೆಯಾ ಅನ್ನುವುದೇ ನಿಜವಾದ ಪ್ರಶ್ನೆ.

ಎಂ.ಟಿ.ಆರ್. ರವೆ ಇಡ್ಲಿ ಹೊಸದಲ್ಲವಾ? ದರ್ಶಿನಿ ಹೊಸದಲ್ಲವಾ? ಅವರೆಲ್ಲ ಹೊಸದು ಮಾಡಿಯೇ ಗೆದ್ದಿದ್ದು.

ಹೌದು, ಹೊಸದೇ. ಆದರೆ ಆ ಹೊಸದು ಎಲ್ಲಿಂದ ಬಂತು ಅನ್ನುವುದನ್ನು ನೋಡಬೇಕು. ಮಾವಳ್ಳಿ ಟಿಫಿನ್ ರೂಮಿನ ಮೂಲ ಹೋಟೆಲು ಶುರುವಾಗಿದ್ದು 1924ರಲ್ಲಿ. ಎರಡನೇ ಮಹಾಯುದ್ಧ ಬಂತು, 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಇಡ್ಲಿ ಹೋಟೆಲಿಗೆ ಅಕ್ಕಿಯೇ ಇಲ್ಲ! ಆಗ ಮಯ್ಯರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು ಎಂದು ಆ ಹೋಟೆಲಿನವರೇ ಹೇಳಿಕೊಂಡು ಬಂದಿದ್ದಾರೆ. ‘ಏನಾದರೂ ಬೇರೆ ಥರ ಮಾಡೋಣ’ ಎಂದು ಕೂತು ಯೋಚಿಸಿದ್ದಲ್ಲ ಅದು. ನಾಳೆ ಬೆಳಿಗ್ಗೆ ಬರುವ ಗಿರಾಕಿಯನ್ನು ಬರಿಗೈಲಿ ಕಳಿಸಬಾರದು ಅಂತ ಮಾಡಿದ್ದು. ನಂಬಿಕೆ ಉಳಿಸಿಕೊಳ್ಳಲು ಹೋಗಿ ಹೊಸದು ಹುಟ್ಟಿತು.

ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ಬೆಲೆ ಇಳಿಸಬೇಕು ಅಂತ ಸರ್ಕಾರದ ಆಜ್ಞೆಯಾದಾಗಲೂ ಅಷ್ಟೇ. ಆ ಬೆಲೆಗೆ ಅದೇ ತುಪ್ಪ, ಅದೇ ಬೇಳೆ ಹಾಕಿದರೆ ನಷ್ಟ. ಸಾಮಾನು ಇಳಿಸಿದರೆ ಹೆಸರು ಹೋಗುತ್ತದೆ. ಕೊನೆಗೆ ಹೋಟೆಲನ್ನೇ ಮುಚ್ಚಿದರು. ಸಿದ್ಧ ಮಿಕ್ಸ್‌ಗಳನ್ನು ಪ್ಯಾಕೆಟ್ ಮಾಡಿ ಮಾರುವ ಕೆಲಸ ದೊಡ್ಡದಾದದ್ದು ಆ ಕಾಲದಿಂದ. ಹೋಟೆಲು ಮತ್ತೆ ತೆರೆಯಿತು ಅನ್ನು.

ದರ್ಶಿನಿಯದು ಇನ್ನೊಂದು ಕಥೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ತೆರೆದಾಗ ತಿಂಡಿಯಲ್ಲಿ ಏನು ಹೊಸದಿತ್ತು? ಅದೇ ಇಡ್ಲಿ, ಅದೇ ವಡೆ, ಅದೇ ಖಾರಾಬಾತ್. ಬದಲಾಗಿದ್ದು ಕುರ್ಚಿ. ಕೂಪನ್ ತಗೊಂಡು, ಅಡುಗೆಯವನ ಕೈ ಕಾಣುವ ಕಟ್ಟೆಯ ಮುಂದೆ ನಿಂತು ತಟ್ಟೆ ಇಸಕೊಂಡು, ನಿಂತೇ ತಿಂದು ಹೋಗುವುದು. ಮಾಣಿಯ ಖರ್ಚಿಲ್ಲ, ಕಾಯುವ ಹೊತ್ತಿಲ್ಲ, ಬೆಲೆ ಕಡಿಮೆ. ಆಫೀಸಿಗೆ ಓಡುವವನ ಎರಡು ಕಷ್ಟ ಒಂದೇ ಏಟಿಗೆ ಹೋಯಿತು.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಗೊತ್ತಲ್ಲ, 1965ರಿಂದ ಇದೆ. ಬೆರಳೆಣಿಕೆಯ ತಿಂಡಿ. ಇಡ್ಲಿ-ವಡೆಗೆ ಚಟ್ನಿ ಮಾತ್ರ, ಸಾಂಬಾರ್ ಇಲ್ಲ. ಅಲ್ಲಿ ‘ವಿಶೇಷ’ ಏನು ಅಂದರೆ ಇಲ್ಲದಿರುವುದೇ ವಿಶೇಷ. ಸಾಂಬಾರ್ ಬಿಟ್ಟವರು ಚಟ್ನಿಯ ಮೇಲೆ ಎಷ್ಟು ಗಮನ ಇಡಬಹುದು ಯೋಚಿಸು.

ಹಾಗಾಗಿ ಹೊಸದು ಬೇಡ ಅಂತ ನಾನು ಹೇಳುತ್ತಿಲ್ಲ. ನಿನ್ನ ಬೀಟ್‌ರೂಟ್ ಯಾರ ಯಾವ ಕಷ್ಟ ತೆಗೆಯುತ್ತದೆ ಹೇಳು, ಆಮೇಲೆ ಮಾತಾಡೋಣ.

(ಅವಳು ‘ತರಕಾರಿ ತಿನ್ನದ ಮಕ್ಕಳು’ ಅಂದಳು. ಒಳ್ಳೆಯ ಉತ್ತರವೇ. ಆದರೆ ತರಕಾರಿ ತಿನ್ನದ ಮಗು ಕೆಂಪು ದೋಸೆಯನ್ನು ಎಷ್ಟು ದಿನ ತಿನ್ನುತ್ತದೆ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.)

ಐದು ಬಗೆ ಇಟ್ಟರೆ ನಷ್ಟವೇನು? ಯಾವುದು ಓಡುತ್ತದೋ ಅದನ್ನು ಉಳಿಸಿಕೊಂಡರಾಯಿತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಪೆನ್ನು ಕೊಡು.

ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಅಂತ ಇಟ್ಟುಕೊ. ಎಂಟು ಕೆಜಿ ಇಡ್ಲಿ ಅಕ್ಕಿ, ಕೆಜಿಗೆ 45 ರೂಪಾಯಿಯಂತೆ 360. ಎರಡು ಕೆಜಿ ಉದ್ದಿನಬೇಳೆ, 130ರಂತೆ 260. ಮೆಂತ್ಯ, ಉಪ್ಪು 20. ಒಟ್ಟು 640 ರೂಪಾಯಿ. ಹತ್ತು ಕೆಜಿ ಒಣ ಸಾಮಾನು ನೆನೆದು, ರುಬ್ಬಿ, ನೀರು ಸೇರಿ ಸುಮಾರು 24 ಕೆಜಿ ಹಿಟ್ಟಾಗುತ್ತದೆ. ಅಂದರೆ ಕೆಜಿಗೆ ಹತ್ತಿರಹತ್ತಿರ 27 ರೂಪಾಯಿ. ಪ್ಯಾಕೆಟ್ ಕವರಿಗೆ 3, ಕರೆಂಟು ಮತ್ತು ಪೆಟ್ರೋಲಿಗೆ 5. ಅಲ್ಲಿಗೆ ಒಂದು ಕೆಜಿ ಪ್ಯಾಕೆಟ್ಟು ಅಂಗಡಿ ಮುಟ್ಟುವ ಹೊತ್ತಿಗೆ ನಿನ್ನ ಕೈಯಿಂದ 35 ರೂಪಾಯಿ ಹೋಗಿದೆ. ಗಿರಾಕಿ ಕೊಡುವುದು 60, ಅಂಗಡಿಯವನು ಇಟ್ಟುಕೊಳ್ಳುವುದು 10, ನಿನಗೆ ಬರುವುದು 50. ಪ್ಯಾಕೆಟ್ಟಿಗೆ 15 ರೂಪಾಯಿ ಉಳಿತಾಯ. ನಿಮ್ಮ ಬಡಾವಣೆಯಲ್ಲಿ ಈ ಅಂಕಿ ಎರಡು ರೂಪಾಯಿ ಹೆಚ್ಚುಕಡಿಮೆ ಇರಬಹುದು, ಲೆಕ್ಕದ ಜಾಡು ಮಾತ್ರ ಇದೇ.

ಈಗ ಈ ವ್ಯಾಪಾರದ ಗುಟ್ಟು ಕೇಳು. ಮಾರಾಟವಾಗದ ಪ್ಯಾಕೆಟ್ಟನ್ನು ಅಂಗಡಿಯವನು ನಿನಗೇ ವಾಪಸ್ ಕೊಡುತ್ತಾನೆ. ರಿಟರ್ನ್ ತಗೊಳ್ಳದಿದ್ದರೆ ಅವನು ಇಡುವುದೇ ಇಲ್ಲ. ವಾಪಸ್ ಬಂದ ಒಂದೊಂದು ಪ್ಯಾಕೆಟ್ಟಿಗೂ 35 ರೂಪಾಯಿ ಮಣ್ಣುಪಾಲು. ಅದನ್ನು ತುಂಬಿಕೊಳ್ಳಲು ಎರಡಕ್ಕಿಂತ ಹೆಚ್ಚು ಪ್ಯಾಕೆಟ್ ಮಾರಬೇಕು.

ದಿನಕ್ಕೆ ನೂರು ಪ್ಯಾಕೆಟ್ ಹಾಕುತ್ತೀಯ ಅಂತ ಇಟ್ಟುಕೊ. ಹತ್ತು ವಾಪಸ್ ಬಂದರೆ, ತೊಂಬತ್ತರಲ್ಲಿ 1350 ಬಂತು, ಹತ್ತರಲ್ಲಿ 350 ಹೋಯಿತು, ಸಾವಿರ ಉಳಿಯಿತು. ಇಪ್ಪತ್ತು ವಾಪಸ್ ಬಂದರೆ, ಎಂಬತ್ತರಲ್ಲಿ 1200, ಇಪ್ಪತ್ತರಲ್ಲಿ 700 ಹೋಗಿ ಐನೂರು. ಮೂವತ್ತು ವಾಪಸ್ ಬಂದರೆ 1050 ಬಂದು 1050 ಹೋಗಿ ಸೊನ್ನೆ. ಎಪ್ಪತ್ತು ಪ್ಯಾಕೆಟ್ ಮಾರಿದ್ದೀಯ, ಬೆನ್ನು ಮುರಿದಿದೆ, ಕೈಯಲ್ಲಿ ಸೊನ್ನೆ. ಬಾಡಿಗೆ, ಸಹಾಯಕ್ಕೆ ಬರುವ ಹುಡುಗನ ಸಂಬಳ ಇನ್ನೂ ಇದರಲ್ಲಿ ಸೇರಿಲ್ಲ.

ಹಿಟ್ಟಿನ ವ್ಯಾಪಾರ ಮಾಡುವವನು ಮಾರಾಟಕ್ಕಿಂತ ವಾಪಸಾತಿಯನ್ನು ನೋಡುವುದು ಇದಕ್ಕೇ. ಇನ್ನು ನಿನ್ನ ಐದು ಬಣ್ಣಕ್ಕೆ ಬರೋಣ. ಹತ್ತು ಅಂಗಡಿ, ಅಂಗಡಿಗೆ ಹತ್ತು ಪ್ಯಾಕೆಟ್. ಬರೀ ಬಿಳಿ ಹಿಟ್ಟಾದರೆ, ಒಂದು ಅಂಗಡಿಯಲ್ಲಿ ಒಂದು ದಿನ ಎಂಟು ಹೋಗುತ್ತದೆ, ಒಂದು ದಿನ ಒಂಬತ್ತು, ಒಂದು ದಿನ ಹತ್ತೂ ಖಾಲಿ. ಒಂದೆರಡು ಹೆಚ್ಚಿಗೆ ಇಟ್ಟರೆ ಯಾರೂ ಬರಿಗೈಲಿ ಹೋಗುವುದಿಲ್ಲ. ಐದು ಬಗೆಯಾದರೆ ಅದೇ ಹತ್ತು ಪ್ಯಾಕೆಟ್ ಎರಡೆರಡಾಗಿ ಹಂಚಿಹೋಗುತ್ತದೆ. ಎರಡು ಬಿಳಿ ಸಂಜೆ ಆರಕ್ಕೇ ಖಾಲಿ, ಆಮೇಲೆ ಬಂದವಳು ಓಟ್ಸ್ ನೋಡಿ ತಿರುಗಿ ಹೋಗುತ್ತಾಳೆ. ಓಟ್ಸ್ ಪ್ಯಾಕೆಟ್ ಮೂರು ದಿನ ಫ್ರಿಜ್ಜಿನಲ್ಲಿ ಕೂತು ಉಬ್ಬಿಕೊಂಡು ವಾಪಸ್. ಪ್ರತಿ ಬಗೆಗೂ ಒಂದೊಂದು ಹೆಚ್ಚಿಗೆ ಇಡಲೇಬೇಕು, ಅಂದರೆ ಅಂಗಡಿಗೆ ಐದು ಹೆಚ್ಚಿಗೆ, ಹತ್ತು ಅಂಗಡಿಗೆ ಐವತ್ತು. ಮೂವತ್ತಕ್ಕೇ ಸೊನ್ನೆಯಾಗಿತ್ತು ಅಲ್ಲವಾ?

ಅದರ ಮೇಲೆ, ಹಣ್ಣು ತರಕಾರಿ ಬೆರೆಸಿದ ಹಿಟ್ಟು ಬಿಳಿ ಹಿಟ್ಟಿನಷ್ಟು ಹೇಳಿದ ಮಾತು ಕೇಳುವುದಿಲ್ಲ. ಬೀಟ್‌ರೂಟಿನಲ್ಲಿ ಸಕ್ಕರೆ ಇದೆ, ಹಿಟ್ಟು ಬೇಗ ಹುಳಿಯುತ್ತದೆ, ಬಣ್ಣ ದಿನಕ್ಕೊಂದು ಥರ. ರಾಗಿಯೂ ಬೇಗ ಹುಳಿ ಎಳೆಯುವ ಧಾನ್ಯ. ಹೊಸತನ ಅಂತ ನೀನು ಸೇರಿಸುತ್ತಿರುವುದು ಗಿರಾಕಿ ಬಯಸುವ ‘ಯಾವಾಗಲೂ ಒಂದೇ ಥರ’ ಎನ್ನುವುದರ ಬುಡಕ್ಕೇ ಏಟು ಹಾಕುತ್ತದೆ. ಐದು ಬಗೆಯನ್ನೂ ಒಟ್ಟಿಗೆ ಸರಿಯಾಗಿ ಮಾಡುವುದು ಹತ್ತು ವರ್ಷದವರಿಗೂ ಕಷ್ಟ.

‘ಯಾವಾಗಲೂ ಒಂದೇ ಥರ’ ಅಂತ ಸುಲಭವಾಗಿ ಹೇಳಿಬಿಟ್ಟೆ. ಅದರಲ್ಲಿ ಏನಿದೆ ಅಂಥ ಕಷ್ಟ? ಅಜ್ಜಿ ದಿನಾ ಮಾಡುತ್ತಿರಲಿಲ್ಲವಾ?

ಅಜ್ಜಿ ಮಾಡಿದ್ದು ಕೆಲವು ದಿನ ಹುಳಿ ಇತ್ತು, ಕೆಲವು ದಿನ ಗಟ್ಟಿ ಇತ್ತು. ನಾವು ಅವಳ ಮುಖ ನೋಡಿ ತಿಂದೆವು. ಗಿರಾಕಿ ನಿನ್ನ ಮುಖ ನೋಡುವುದಿಲ್ಲ.

ಮೊದಲನೆಯದು ಉದ್ದು. ಹಿಟ್ಟು ಉಕ್ಕುವುದು ಹುದುಗಿನಿಂದ ಹುಟ್ಟುವ ಗಾಳಿಯಿಂದ. ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು ಉದ್ದಿನ ಅಂಟು. ಹಳೇ ಉದ್ದಾದರೆ ಅಂಟು ಕಡಿಮೆ, ಗಾಳಿ ಸೋರಿ ಹೋಗುತ್ತದೆ, ಇಡ್ಲಿ ಚಪ್ಪಟೆ. ಅಂಗಡಿಯಲ್ಲಿ ನೋಡಿದರೆ ಹಳೆಯದೂ ಹೊಸದೂ ಒಂದೇ ಥರ ಬಿಳಿ. ನಾನು ಒಂದು ಸಲ ಸಂತೇಪೇಟೆಯಲ್ಲಿ ಕೆಜಿಗೆ ಹನ್ನೆರಡು ರೂಪಾಯಿ ಕಡಿಮೆಗೆ ಸಿಕ್ಕಿತು ಅಂತ ಎರಡು ಮೂಟೆ ಉದ್ದು ಹಾಕಿಸಿಕೊಂಡೆ. ಪರೀಕ್ಷೆ ಮಾಡಲಿಲ್ಲ, ತಪ್ಪು ನನ್ನದೇ. ಐದು ದಿನ ಹಿಟ್ಟು ಏಳಲೇ ಇಲ್ಲ. ಉಳಿಸಿದ್ದು ಸಾವಿರದ ಇನ್ನೂರು, ಕಳೆದುಕೊಂಡಿದ್ದು ಮೂರು ಅಂಗಡಿ. ಆ ಮೂರರಲ್ಲಿ ಒಂದು ಮತ್ತೆ ಬರಲೇ ಇಲ್ಲ.

ಆಮೇಲಿಂದ ಹೊಸ ಮೂಟೆ ಬಂದ ದಿನ ಕಾಲು ಕೆಜಿ ಮಾತ್ರ ನೆನೆಸಿ ರುಬ್ಬುತ್ತಿದ್ದೆ. ರುಬ್ಬಿದ್ದರಿಂದ ಒಂದು ಚಿಟಿಕೆ ತೆಗೆದು ನೀರಿನ ಲೋಟಕ್ಕೆ ಬಿಟ್ಟರೆ ತೇಲಬೇಕು. ಮುಳುಗಿದರೆ ಒಂದೋ ಇನ್ನೂ ರುಬ್ಬಬೇಕು, ಇಲ್ಲವೋ ಬೇಳೆಯೇ ಸರಿಯಿಲ್ಲ. ಜೊತೆಗೆ ಎಷ್ಟು ಉಬ್ಬಿತು ಅಂತ ಅದೇ ಪಾತ್ರೆಯಲ್ಲಿ ಗೆರೆ ಹಾಕಿ ನೋಡುವುದು. ಹಿಂದಿನ ಮೂಟೆಯ ಗೆರೆಗಿಂತ ಕೆಳಗೆ ನಿಂತರೆ ಮಂಡಿಯವನಿಗೆ ಫೋನು.

ಎರಡನೆಯದು ಬಿಸಿ. ಗ್ರೈಂಡರ್ ಕಲ್ಲು ಸುತ್ತಿದಷ್ಟೂ ಹಿಟ್ಟು ಬಿಸಿಯಾಗುತ್ತದೆ. ಬಿಸಿಯಾದ ಹಿಟ್ಟು ನಿನಗಿಂತ ಮುಂಚೆ ಓಡುತ್ತದೆ. ಬೇಸಿಗೆಯಲ್ಲಿ ತಣ್ಣೀರು ಸಾಲದು, ಐಸ್ ಹಾಕಿದ ನೀರೇ ಬೇಕು. ಮೈಸೂರಿನಲ್ಲಿ ಏಪ್ರಿಲ್ ರಾತ್ರಿ ಆರೇಳು ಗಂಟೆಗೆ ಹುದುಗುವ ಹಿಟ್ಟು ಡಿಸೆಂಬರಿನಲ್ಲಿ ಹನ್ನೆರಡು ಗಂಟೆಯಾದರೂ ಮಲಗಿರುತ್ತದೆ. ಗಡಿಯಾರ ನೋಡಿ ಪ್ಯಾಕ್ ಮಾಡುವವನು ಚಳಿಗಾಲದಲ್ಲಿ ಏಳದ ಹಿಟ್ಟನ್ನೂ ಬೇಸಿಗೆಯಲ್ಲಿ ಹುಳಿ ಹಿಟ್ಟನ್ನೂ ಮಾರುತ್ತಾನೆ. ಹಿಟ್ಟನ್ನೇ ನೋಡಬೇಕು. ನಾನು ಪಾತ್ರೆಯ ಪಕ್ಕದಲ್ಲಿ ಗೋಡೆಗೆ ಥರ್ಮಾಮೀಟರ್ ನೇತುಹಾಕಿ, ರಾತ್ರಿ ಎಷ್ಟು ಡಿಗ್ರಿ, ಎಷ್ಟು ಹೊತ್ತಿಗೆ ಏರಿತು ಅಂತ ಒಂದು ವರ್ಷ ಬರೆದಿಟ್ಟೆ. ಎರಡನೇ ವರ್ಷ ಆ ಪುಸ್ತಕವೇ ನನ್ನ ಮೇಸ್ತ್ರಿ.

ಮೂರನೆಯದು ನಿನ್ನ ಕೈಯಲ್ಲಿಲ್ಲದ್ದು: ಅಂಗಡಿಯ ಫ್ರಿಜ್. ನೀನು ಚಿನ್ನದಂಥ ಹಿಟ್ಟು ಕೊಟ್ಟು ಬರುತ್ತೀಯ, ಕರೆಂಟ್ ಬಿಲ್ ಜಾಸ್ತಿ ಅಂತ ರಾತ್ರಿ ಬಾಗಿಲು ಹಾಕುವಾಗ ಅವನು ಫ್ರಿಜ್ ಆರಿಸಿ ಹೋಗುತ್ತಾನೆ. ಬೆಳಿಗ್ಗೆ ಮತ್ತೆ ಹಾಕುತ್ತಾನೆ. ಪ್ಯಾಕೆಟ್ಟು ತಣ್ಣಗೇ ಇರುತ್ತದೆ, ಒಳಗೆ ಹುಳಿ. ಬೈಗುಳ ನಿನಗೆ. ಒಂದು ಅಂಗಡಿಯಲ್ಲಿ ಹೀಗೆ ಆಗುತ್ತಿದೆ ಅಂತ ನನಗೆ ಎರಡು ತಿಂಗಳು ಗೊತ್ತೇ ಆಗಲಿಲ್ಲ. ಆಮೇಲೆ ಒಂದು ಉಪಾಯ ಸಿಕ್ಕಿತು. ಸಂಜೆ ಒಂದು ಸಣ್ಣ ಡಬ್ಬಿಯಲ್ಲಿ ಐಸ್ ಕಟ್ಟಿದ ನೀರು, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ‘ಇದು ನಿಮ್ಮ ಫ್ರೀಜರಿನಲ್ಲಿ ಇರಲಿ ಸಾರ್’ ಅಂತ ಕೊಟ್ಟು ಬಂದೆ. ಬೆಳಿಗ್ಗೆ ನೋಡಿದರೆ ನಾಣ್ಯ ಐಸಿನ ತಳದಲ್ಲಿತ್ತು. ಕರಗಿ ಮತ್ತೆ ಕಟ್ಟಿದೆ ಅಂತಾಯಿತು. ಜಗಳವಾಡಲಿಲ್ಲ, ಆ ಅಂಗಡಿಗೆ ಹಾಕುವುದು ಬಿಟ್ಟೆ. ದಿನಕ್ಕೆ ಹದಿನಾಲ್ಕು ಪ್ಯಾಕೆಟ್ ಹೋಗುತ್ತಿದ್ದ ಅಂಗಡಿ ಅದು, ಬಿಡುವಾಗ ಹೊಟ್ಟೆ ಉರಿಯಿತು.

ಇನ್ನೊಂದು ಮಾತು ಕಿವಿಗೆ ಹಾಕಿಕೊ. ವಾಪಸ್ ಬಂದ ಹಿಟ್ಟನ್ನು ಹೊಸ ಹಿಟ್ಟಿಗೆ ಬೆರೆಸುವ ಆಸೆ ಪ್ರತಿಯೊಬ್ಬನಿಗೂ ಒಂದಲ್ಲ ಒಂದು ರಾತ್ರಿ ಬರುತ್ತದೆ. ಮೂವತ್ತೈದು ರೂಪಾಯಿಯನ್ನು ಚರಂಡಿಗೆ ಸುರಿಯಲು ಕೈ ಬರುವುದಿಲ್ಲ. ಸುರಿ. ವಾಪಸ್ ಬಂದದ್ದು ಎಲ್ಲಿ, ಎಷ್ಟು ಬಿಸಿಲಲ್ಲಿ ಕೂತಿತ್ತೋ ನಿನಗೆ ಗೊತ್ತಿಲ್ಲ; ಬೆರೆಸಿದರೆ ಒಂದು ಅಂಗಡಿಯ ತಪ್ಪು ಹತ್ತೂ ಅಂಗಡಿಗೆ ಹರಡುತ್ತದೆ.

ಸರಿ, ಇಷ್ಟೆಲ್ಲ ಮಾಡಿದೆ ಅಂತಿಟ್ಟುಕೊ. ದೊಡ್ಡ ಕಂಪನಿಗಳೂ ಒಂದೇ ಥರ ಹಿಟ್ಟು ಕೊಡುತ್ತವಲ್ಲ. ಅವರ ಮುಂದೆ ನಾನು ಎಷ್ಟರವಳು?

ಇದು ನಿನ್ನ ಪ್ರಶ್ನೆಗಳಲ್ಲೇ ಗಟ್ಟಿಯಾದದ್ದು. ನಂಬಿಕೆಯೊಂದೇ ಸಾಕು ಅನ್ನುವವರು ಇಲ್ಲಿ ಎಡವುತ್ತಾರೆ.

ಐಡಿ ಫ್ರೆಶ್ ಕಥೆ ನೋಡು. 2005ರಲ್ಲಿ ಬೆಂಗಳೂರಿನಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು ಒಂದು ಸಣ್ಣ ಕೋಣೆಯಲ್ಲಿ ಶುರುಮಾಡಿದ್ದು. ಆಗಲೂ ಅಂಗಡಿಗಳಲ್ಲಿ ಹಿಟ್ಟು ಸಿಗುತ್ತಿತ್ತು, ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ. ಇಪ್ಪತ್ತು ಅಂಗಡಿಯಲ್ಲಿ ದಿನಕ್ಕೆ ನೂರು ಪ್ಯಾಕೆಟ್ ಮುಟ್ಟಿಸುವುದು ಅವರ ಮೊದಲ ಗುರಿ. ಅದಕ್ಕೇ ಒಂಬತ್ತು ತಿಂಗಳು ಹಿಡಿಯಿತು ಎಂದು ಮುಸ್ತಫಾ ಹೇಳಿದ್ದಾರೆ. ಆ ಹಿಟ್ಟಿನಲ್ಲಿ ಯಾವ ಹೊಸ ರುಚಿಯೂ ಇರಲಿಲ್ಲ. ಹೊಸದು ಅಂದರೆ ಸೀಲ್ ಮಾಡಿದ ಶುಚಿಯಾದ ಪ್ಯಾಕೆಟ್, ದಿನವೂ ಒಂದೇ ಥರ. ರಬ್ಬರ್ ಬ್ಯಾಂಡಿನ ಪಕ್ಕದಲ್ಲಿ ಅದೇ ದೊಡ್ಡ ವಿಶೇಷ. ಎಲ್ಲರೂ ಅಸಡ್ಡೆ ಮಾಡುವ ಕಡೆ ಅಚ್ಚುಕಟ್ಟಾಗಿ ಮಾಡುವವನೇ ಬೇರೆಯಾಗಿ ಕಾಣುತ್ತಾನೆ.

ಹೆಸರು ಕಟ್ಟಿಕೊಂಡ ಮೇಲೆ ಅವರೂ ಹೊಸದು ತಂದರು, ಹಿಂಡಿದರೆ ನಡುವೆ ತೂತಿರುವ ವಡೆಯೇ ಎಣ್ಣೆಗೆ ಬೀಳುವ ಪ್ಯಾಕೆಟ್. ವಡೆ ತಟ್ಟಲು ಬಾರದವರ ಕಷ್ಟ ಅದು, ಆ ಕಷ್ಟಕ್ಕೆ ಉತ್ತರ ಅದು.

ಆದರೆ 2005 ಅಲ್ಲ ಇದು. ನೀನು ಹಾಕುವ ಫ್ರಿಜ್ಜಿನಲ್ಲಿ ಈಗ ಸೀಲ್ ಮಾಡಿದ, ತಾರೀಕು ಹಾಕಿದ, ನಂಬಬಹುದಾದ ಪ್ಯಾಕೆಟ್ ಆಗಲೇ ಕೂತಿದೆ. ಅದರ ಪಕ್ಕ ಕೂತು ‘ನಾನೂ ನಂಬಿಕಸ್ಥಳು’ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಎಲ್ಲರೂ ಸರಿಯಾಗಿ ಮಾಡುವ ಜಾಗದಲ್ಲಿ ಸರಿಯಾಗಿ ಮಾಡುವುದು ಒಳಗೆ ಹೋಗಲು ಚೀಟಿ ಅಷ್ಟೇ, ಕೂರಲು ಕುರ್ಚಿ ಅಲ್ಲ.

ಹಾಗಾದರೆ ದೊಡ್ಡವರಿಗೆ ಆಗದ್ದು ಏನು? ದೂರದ ಕಾರ್ಖಾನೆಯಿಂದ ಬರುವ ಹಿಟ್ಟು ನಾಲ್ಕೈದು ದಿನ ಬಾಳಬೇಕು, ಹಾಗಾಗಿ ತಣ್ಣಗೆ ಹೊರಡುತ್ತದೆ. ಮನೆಯಲ್ಲಿ ಸ್ವಲ್ಪ ಹೊತ್ತು ಹೊರಗಿಡಬೇಕು. ನಿನ್ನದು ಇಲ್ಲೇ ಎರಡು ಕಿಲೋಮೀಟರಿನಲ್ಲಿ ರುಬ್ಬಿದ್ದು, ಇವತ್ತಿನದು ಇವತ್ತೇ. ಮೈಸೂರಿನ ಇನ್ನೊಂದು ರೂಢಿ ಗಮನಿಸು. ಶನಿವಾರ ಒಪ್ಪತ್ತು ಮಾಡುವ ಮನೆಗಳು ಎಷ್ಟಿವೆ! ರಾತ್ರಿ ಅನ್ನವಿಲ್ಲ, ತಿಂಡಿ. ಏಕಾದಶಿ ಮಾಡುವವರ ಕಟ್ಟುಪಾಡು ಬೇರೆ, ಅದನ್ನು ಬಿಡು. ಶನಿವಾರ ಸಂಜೆ ಐದರಿಂದ ಏಳರವರೆಗೆ ಹಿಟ್ಟು ಎರಡರಷ್ಟು ಹೋಗುತ್ತದೆ, ಅಂಗಡಿಗಳಲ್ಲಿ ಆ ಹೊತ್ತಿಗೆ ಖಾಲಿಯಾಗಿರುತ್ತದೆ. ನನ್ನ ವ್ಯಾಪಾರ ನಿಂತಿದ್ದೇ ಆ ಎರಡು ಗಂಟೆಯ ಮೇಲೆ. ಶನಿವಾರ ನಾನು ಎರಡು ಸಲ ಅಂಗಡಿಗಳಿಗೆ ಹೋಗುತ್ತಿದ್ದೆ, ಬೆಳಿಗ್ಗೆ ಒಂದು ಸಲ, ನಾಲ್ಕೂವರೆಗೆ ಇನ್ನೊಂದು ಸಲ. ದೊಡ್ಡ ಕಂಪನಿಯ ಲಾರಿ ಎರಡನೇ ಸಲ ಬರುವುದಿಲ್ಲ. ‘ವಿಶೇಷ’ ಬೇಕು ಅಂತೀಯಲ್ಲ, ಇದನ್ನು ಇಟ್ಟುಕೊ. ಪ್ಯಾಕೆಟ್ಟಿನ ಮೇಲೆ ಬರೆಯಲು ಬರುವುದಿಲ್ಲ, ಆದರೆ ಅಂಗಡಿಯವನಿಗೆ ಗೊತ್ತಾಗುತ್ತದೆ.

ಹಾಗಾದರೆ ಹೊಸತನವೇ ಪ್ರಾಣ ಅನ್ನುವ ವ್ಯಾಪಾರ ಯಾವುದೂ ಇಲ್ಲವಾ?

ಇವೆ. ಜನ ಅಪರೂಪಕ್ಕೆ ಕೊಳ್ಳುವುದು, ಇನ್ನೊಬ್ಬರಿಗೆ ತೋರಿಸಲು ಕೊಳ್ಳುವುದು. ಹುಟ್ಟುಹಬ್ಬದ ಕೇಕು, ಮದುವೆಯ ತಾಂಬೂಲದ ಚೀಲ, ಆರತಿ ತಟ್ಟೆಯ ಅಲಂಕಾರ. ಅಲ್ಲಿ ಹೋದ ವರ್ಷದ್ದನ್ನೇ ತೋರಿಸಿದರೆ ಗಿರಾಕಿ ಎದ್ದು ಹೋಗುತ್ತಾಳೆ. ಆದರೂ ಮದುವೆಯ ದಿನ ಚೀಲ ಹೊತ್ತಿಗೆ ಬರದಿದ್ದರೆ ಚಂದ ಯಾರಿಗೆ ಬೇಕು? ಅಲ್ಲಿ ಹೊಸತನ ಬಾಗಿಲು ತೆರೆಸುತ್ತದೆ, ಹೊತ್ತಿಗೆ ಸರಿಯಾಗಿ ಕೊಡುವುದು ಮುಂದಿನ ಮದುವೆ ತರುತ್ತದೆ. ಪ್ಲಂಬರ್, ಟೈಲರ್, ಮನೆಪಾಠದ ಮೇಷ್ಟ್ರು ಇವರೆಲ್ಲ ಹಿಟ್ಟಿನ ಕಡೆಯವರು. ಹೇಳಿದ ದಿನ ಬರುವ ಪ್ಲಂಬರಿಗೆ ನಮ್ಮ ಬೀದಿಯಲ್ಲಿ ಬೇರೆ ಯಾವ ವಿಶೇಷವೂ ಬೇಕಾಗಿಲ್ಲ.

ಎಷ್ಟು ದಿನ ಕಾಯಲಿ? ಸರಿಯಾದ ದಾರಿಯಲ್ಲಿದ್ದೀನಿ ಅಂತ ಹೇಗೆ ತಿಳಿಯಲಿ?

ಒಟ್ಟು ಮಾರಾಟ ನೋಡಿ ಖುಷಿಪಡಬೇಡ. ಮೊದಲ ತಿಂಗಳು ನಿಮ್ಮಮ್ಮನ ಭಜನಾ ಮಂಡಳಿಯವರೆಲ್ಲ ಕೊಳ್ಳುತ್ತಾರೆ. ಅದು ಪ್ರೀತಿ, ವ್ಯಾಪಾರ ಅಲ್ಲ. ಅಂಗಡಿಗೆ ಹಾಕುವ ಮುಂಚೆ ಮೂವತ್ತು ಮನೆ ಹಿಡಿ, ಅದರಲ್ಲಿ ನೆಂಟರು ಐದಕ್ಕಿಂತ ಹೆಚ್ಚು ಬೇಡ. ಪ್ರತಿ ಮನೆಗೂ ಪುಸ್ತಕದಲ್ಲಿ ಒಂದು ಸಾಲು. ಕೊಂಡ ದಿನ ಒಂದು ಗೀಟು ಹಾಕು.

ಮೊದಲನೇ ಸಲ ಕೊಳ್ಳುವುದು ಕುತೂಹಲಕ್ಕೆ, ಎರಡನೇ ಸಲ ದಾಕ್ಷಿಣ್ಯಕ್ಕೆ. ಮೂರನೆಯದು ಅನುಕೂಲಕ್ಕೆ ಇರಬಹುದು. ನಾಲ್ಕನೇ ಸಲ ಅವರಾಗಿಯೇ ಕೇಳಿ ಕೊಂಡರೆ ಅದು ಅಭ್ಯಾಸ. ಆರು ವಾರ ಕಳೆದ ಮೇಲೆ ಮೂವತ್ತರಲ್ಲಿ ಹತ್ತು ಹನ್ನೆರಡು ಮನೆ ನಾಲ್ಕನೇ ಗೀಟು ದಾಟಿದ್ದರೆ ಧೈರ್ಯವಾಗಿ ಅಂಗಡಿಗೆ ಹೋಗು. ಮೂರೇ ಮನೆ ದಾಟಿದ್ದರೆ ಅಂಗಡಿಗೆ ಹೋಗಬೇಡ, ಎರಡನೇ ಗೀಟಿಗೆ ನಿಂತವರ ಮನೆಗೆ ಹೋಗಿ ಕೇಳು. ‘ಚೆನ್ನಾಗಿತ್ತಾ ಆಂಟಿ’ ಅಂತ ಕೇಳಬೇಡ, ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ‘ಆಮೇಲೆ ಹಿಟ್ಟಿಗೆ ಏನು ಮಾಡಿದಿರಿ’ ಅಂತ ಕೇಳು. ಒಬ್ಬರು ‘ಮನೇಲೇ ರುಬ್ಬಿದೆ’ ಅಂತಾರೆ, ಅವರು ನಿನ್ನ ಗಿರಾಕಿಯಲ್ಲ. ಇನ್ನೊಬ್ಬರು ಬೇರೆ ಪ್ಯಾಕೆಟ್ ತಂದೆ ಅಂದರೆ ಕೂತು ಯಾಕೆ ಅಂತ ತಿಳಿದುಕೊ.

ಅಂಗಡಿಗೆ ಹಾಕಿದ ಮೇಲೆ ಪುಸ್ತಕಕ್ಕೆ ಮೂರು ಕಾಲಂ. ಇಟ್ಟಿದ್ದು, ಹೋಗಿದ್ದು, ವಾಪಸ್. ವಾಪಸ್ ನೂರಕ್ಕೆ ಹತ್ತರ ಕೆಳಗೆ ಬಂದ ಅಂಗಡಿಗೆ ಮಾತ್ರ ಹೆಚ್ಚಿಸು. ಎರಡು ವಾರ ಇಪ್ಪತ್ತರ ಮೇಲೇ ನಿಂತ ಅಂಗಡಿಗೆ ಅರ್ಧ ಮಾಡು, ಆಮೇಲೂ ಇಳಿಯದಿದ್ದರೆ ಬಿಡು. ಕೆಲವು ಸಲ ವಾಪಸ್ ಸೊನ್ನೆ ಬರುತ್ತದೆ, ಆಗಲೂ ಹಿಗ್ಗಬೇಡ. ಕಡಿಮೆ ಇಟ್ಟಿದ್ದೀಯ, ಸಂಜೆ ಬಂದ ಗಿರಾಕಿ ಬರಿಗೈಲಿ ಹೋಗಿದ್ದಾಳೆ ಅಂತ ಅರ್ಥ.

ಕಾಯುವುದು ಎಷ್ಟು? ಒಂಬತ್ತು ತಿಂಗಳು ಸಂಬಳವಿಲ್ಲದೆ ಮನೆ ನಡೆಯುವಷ್ಟು ದುಡ್ಡು ಬೇರೆ ಖಾತೆಯಲ್ಲಿ ಇರಲಿ. ಗ್ರೈಂಡರಿಗೆ ಅಂತ ಅದನ್ನು ಮುಟ್ಟಬೇಡ. ಆಹಾರ ಇಲಾಖೆಯ ನೋಂದಣಿ ಮೊದಲೇ ಮಾಡಿಸು. ಪ್ಯಾಕೆಟ್ಟಿನ ಮೇಲೆ ತೂಕ, ಬೆಲೆ, ಪ್ಯಾಕ್ ಮಾಡಿದ ದಿನ, ನಿನ್ನ ವಿಳಾಸ ಇರಲೇಬೇಕು.

ಕೊನೇ ಪ್ರಶ್ನೆ. ಬೀಟ್‌ರೂಟ್ ಪೂರ್ತಿ ಬಿಟ್ಟುಬಿಡಲಾ?

ಬಿಡಬೇಡ, ಮುಂದಕ್ಕೆ ಹಾಕು. ನಾಲ್ಕನೇ ಗೀಟು ದಾಟಿದ ಮನೆಗಳು ಇಪ್ಪತ್ತಾದಾಗ ಅವರಿಗೆ ಮಾತ್ರ ಹೇಳು, ಭಾನುವಾರಕ್ಕೆ ಕೆಂಪು ಹಿಟ್ಟು, ಶುಕ್ರವಾರವೇ ಹೇಳಿದವರಿಗೆ ಮಾತ್ರ. ಹೇಳಿದಷ್ಟೇ ರುಬ್ಬಿದರೆ ವಾಪಸ್ ಬರುವ ಮಾತೇ ಇಲ್ಲ. ಮಕ್ಕಳು ತಿನ್ನುತ್ತವೋ ಇಲ್ಲವೋ ಆಗ ನಮ್ಮಿಬ್ಬರಿಗೂ ಗೊತ್ತಾಗುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟ ಅವಳು ಹರಿಯಲಿಲ್ಲ, ಮಡಿಸಿ ಹಿಂದಕ್ಕೆ ಸೇರಿಸಿಕೊಂಡಳು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಹಾಗಾದರೆ ನಾಳೆಗೆ ಎಷ್ಟು ನೆನೆಹಾಕಲಿ ಅಂತ ಕೇಳಿದಳು.

ನಾಲ್ಕು ಕೆಜಿ ಅಕ್ಕಿ, ಒಂದು ಕೆಜಿ ಉದ್ದು ಅಂದೆ. ಹನ್ನೆರಡು ಪ್ಯಾಕೆಟ್ ಆಗುತ್ತದೆ. ಹತ್ತು ಹಂಚು. ಉಳಿದ ಎರಡರಲ್ಲಿ ಒಂದನ್ನು ಫ್ರಿಜ್ಜಿನಲ್ಲಿಡು, ಇನ್ನೊಂದನ್ನು ಅಡುಗೆಮನೆಯ ಕಟ್ಟೆಯ ಮೇಲೆ. ಮೂರನೇ ದಿನ ಎರಡರಲ್ಲೂ ಒಂದೊಂದು ದೋಸೆ ಹುಯ್ದು, ಎರಡನ್ನೂ ನೀನೇ ತಿನ್ನು.